ಇಪ್ಪತ್ತು ಪರ್ಸೆಂಟ್ ಎಲ್ಲಿಂದ ಬಂತು?

(ಉಡುಪಿಯಲ್ಲಿ ಹೊಸದಾಗಿ ಶೇರಿಗೆ ದುಡ್ಡು ಹಾಕಲು ಹೊರಟವರ ಮುಂದೆ ಆಡಿದ ಮಾತುಗಳ ಬರಹ ರೂಪ. ಬೋರ್ಡಿನ ಮೇಲೆ ಬರೆದ ಲೆಕ್ಕಗಳನ್ನು ಇಲ್ಲಿ ಮಾತಿನೊಳಗೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮಳೆ ಜೋರು ಉಂಟು, ಆದರೂ ಇಷ್ಟು ಜನ ಬಂದಿದ್ದೀರಿ. ಶುರು ಮಾಡುವ ಮೊದಲು ಒಂದು ಪ್ರಶ್ನೆ. ಇಲ್ಲಿ ಎಷ್ಟು ಜನ ಫೋನಿನಲ್ಲಿ ಶೇರು ಆರಿಸುವಾಗ ‘ROE 20ಕ್ಕಿಂತ ಜಾಸ್ತಿ’ ಎಂದು ಫಿಲ್ಟರ್ ಹಾಕಿದ್ದೀರಿ? ಕೈ ಎತ್ತಿ. ಹಾಂ, ಅರ್ಧಕ್ಕರ್ಧ ಜನ. ನಾನೂ ಹಾಗೆಯೇ ಶುರು ಮಾಡಿದವನು. 28 ಪರ್ಸೆಂಟ್ ಕಂಡ ಒಂದು ಕಂಪನಿಯ ಶೇರು ತೆಗೆದುಕೊಂಡೆ. ಆ 28 ಎಲ್ಲಿಂದ ಬಂತು ಎಂದು ಕೇಳಲೇ ಇಲ್ಲ. ಎರಡು ವರ್ಷದ ನಂತರ ಕೇಳಿದೆ. ಅಷ್ಟು ಹೊತ್ತಿಗೆ ಹಾಕಿದ ದುಡ್ಡಿನಲ್ಲಿ ಮೂರರಲ್ಲಿ ಒಂದು ಪಾಲು ಮಾತ್ರ ಉಳಿದಿತ್ತು.

ಆರ್‌ಒಇ ಅಂದರೆ ಸರಳ. ಕಂಪನಿಯಲ್ಲಿ ಮಾಲೀಕರ ಸ್ವಂತ ದುಡ್ಡು ಎಷ್ಟು ಉಂಟೋ, ಅದರ ಮೇಲೆ ಒಂದು ವರ್ಷಕ್ಕೆ ಎಷ್ಟು ನಿವ್ವಳ ಲಾಭ ಬಂತು ಎನ್ನುವ ಲೆಕ್ಕ. ಮಾಲೀಕರು ಅಂದರೆ ಶೇರುದಾರರು, ಅಂದರೆ ನೀವು. ಶುರುವಿನಲ್ಲಿ ಹಾಕಿದ ಬಂಡವಾಳ, ಜೊತೆಗೆ ಹಂಚದೆ ಉಳಿಸಿಕೊಂಡ ಹಳೆಯ ಲಾಭ, ಇವೆರಡೂ ಸೇರಿದರೆ ಈಕ್ವಿಟಿ. 100 ರೂಪಾಯಿ ಈಕ್ವಿಟಿ, 20 ರೂಪಾಯಿ ಲಾಭ. ಆರ್‌ಒಇ 20 ಪರ್ಸೆಂಟ್. ಆಯಿತಲ್ಲ.

ಆದರೆ ಈ 20ಕ್ಕೆ ಬರುವ ದಾರಿ ಒಂದೇ ಅಲ್ಲ. ಎರಡು ಅಂಗಡಿಗಳನ್ನು ನೋಡೋಣ. ಎರಡೂ ನಾನು ಲೆಕ್ಕಕ್ಕಾಗಿ ಕಟ್ಟಿದ್ದು, ಯಾರದ್ದೋ ಅಂಗಡಿ ಎಂದು ಹುಡುಕಬೇಡಿ.

ಮೊದಲನೆಯದು ಒಂದು ಸಣ್ಣ ಹೋಟೆಲು. ಬೆಳಿಗ್ಗೆ ಬನ್ಸ್, ಮಸಾಲೆ ದೋಸೆ, ಸಂಜೆ ಗೋಳಿಬಜೆ. ನೀವು ತಿನ್ನುತ್ತಿರುವಾಗಲೇ ಹಿಂದೆ ಇನ್ನೊಬ್ಬರು ಬಂದು ನಿಂತಿರುತ್ತಾರೆ, ಯಾವಾಗ ಏಳುತ್ತೀರಿ ಅಂತ. ವರ್ಷದ ವ್ಯಾಪಾರ 60 ಲಕ್ಷ. ಎಲ್ಲ ಖರ್ಚು ಕಳೆದು ಕೈಯಲ್ಲಿ ಉಳಿಯುವುದು 4 ಲಕ್ಷದ 80 ಸಾವಿರ, ಅಂದರೆ 8 ಪರ್ಸೆಂಟ್. ಪಾತ್ರೆ, ಗ್ರೈಂಡರ್, ಮೇಜು, ಬಾಡಿಗೆಯ ಅಡ್ವಾನ್ಸ್ ಎಲ್ಲ ಸೇರಿ ಆಸ್ತಿ 24 ಲಕ್ಷ. ಅಷ್ಟೂ ಸ್ವಂತ ದುಡ್ಡು, ಸಾಲ ಇಲ್ಲ. 24 ಲಕ್ಷದ ಮೇಲೆ 4.8 ಲಕ್ಷ. 20 ಪರ್ಸೆಂಟ್.

ಎರಡನೆಯದು ಮದುವೆ ಸೀರೆಯ ಅಂಗಡಿ. ಅಲ್ಲಿ ಯಾರೂ ಗಿರಾಕಿಯನ್ನು ಬೇಗ ಏಳಿ ಅನ್ನುವುದಿಲ್ಲ. ಜ್ಯೂಸು ಕೊಟ್ಟು ಕೂರಿಸಿಕೊಳ್ಳುತ್ತಾರೆ. ವರ್ಷಕ್ಕೆ ಒಂದೂವರೆ ಕೋಟಿ ವ್ಯಾಪಾರ, 15 ಲಕ್ಷ ಲಾಭ, ಅಂದರೆ 10 ಪರ್ಸೆಂಟ್. ಆದರೆ ಕಪಾಟಿನ ತುಂಬಾ ಸೀರೆ. ಆಸ್ತಿಯೂ ಒಂದೂವರೆ ಕೋಟಿ. ಅದರಲ್ಲಿ ಅರ್ಧ, 75 ಲಕ್ಷ, ಮಾಲೀಕರದ್ದು. ಉಳಿದರ್ಧ ಬ್ಯಾಂಕಿನ ಓವರ್‌ಡ್ರಾಫ್ಟ್ ಸಾಲ ಮತ್ತು ಸೀರೆ ಕೊಟ್ಟವರ ಬಾಕಿ. 75 ಲಕ್ಷದ ಮೇಲೆ 15 ಲಕ್ಷ. ಇದೂ 20 ಪರ್ಸೆಂಟ್!

ಫೋನಿನ ಫಿಲ್ಟರಿಗೆ ಇಬ್ಬರೂ ಒಂದೇ. ನಿಮಗೆ ಒಂದೇನಾ? ಹೋಟೆಲಿನವರ ಆಸ್ತಿ ವರ್ಷಕ್ಕೆ ಎರಡೂವರೆ ಸುತ್ತು ವ್ಯಾಪಾರ ಕೊಡುತ್ತದೆ. ಸೀರೆಯವರ ಆಸ್ತಿ ಒಂದೇ ಸುತ್ತು. ಆ ಕೊರತೆಯನ್ನು ಅವರು ಎರಡು ಕಡೆಯಿಂದ ತುಂಬಿಕೊಂಡಿದ್ದಾರೆ. ಪ್ರತಿ ಸೀರೆಗೆ ಸ್ವಲ್ಪ ಜಾಸ್ತಿ ಲಾಭ ಇಟ್ಟುಕೊಂಡಿದ್ದಾರೆ, ಮತ್ತೆ ಬೇರೆಯವರ ದುಡ್ಡು ಬಳಸಿದ್ದಾರೆ.

ಇವೇ ಮೂರು ಭಾಗ. ಲಾಭವನ್ನು ಮಾರಾಟದಿಂದ ಭಾಗಿಸಿದರೆ ಮಾರ್ಜಿನ್. ಮಾರಾಟವನ್ನು ಆಸ್ತಿಯಿಂದ ಭಾಗಿಸಿದರೆ ಆಸ್ತಿಯ ಟರ್ನೋವರ್. ಆಸ್ತಿಯನ್ನು ಈಕ್ವಿಟಿಯಿಂದ ಭಾಗಿಸಿದರೆ ಲಿವರೇಜ್. ಮೂರನ್ನೂ ಗುಣಿಸಿ.

```
ROE = (ಲಾಭ ÷ ಮಾರಾಟ) × (ಮಾರಾಟ ÷ ಆಸ್ತಿ) × (ಆಸ್ತಿ ÷ ಈಕ್ವಿಟಿ)
```

ಶಾಲೆಯಲ್ಲಿ ಭಿನ್ನರಾಶಿಗೆ ಮಾಡಿದ ಹಾಗೆ ಮೇಲಿನ ಮಾರಾಟವನ್ನೂ ಕೆಳಗಿನ ಮಾರಾಟವನ್ನೂ ಹೊಡೆದು ಹಾಕಿ. ಆಸ್ತಿಯನ್ನೂ ಹಾಗೆಯೇ. ಉಳಿಯುವುದು ಲಾಭ ಭಾಗಿಸು ಈಕ್ವಿಟಿ. ಹೋಟೆಲಿಗೆ 8 × 2.5 × 1, ಸೀರೆ ಅಂಗಡಿಗೆ 10 × 1 × 2. ಎರಡೂ 20.

ಒಂದು ಶಬ್ದದ ಬಗ್ಗೆ ಎಚ್ಚರ. ನಮ್ಮೂರಲ್ಲಿ ‘ಅವರದ್ದು 5 ಕೋಟಿ ಟರ್ನೋವರ್’ ಅಂದರೆ 5 ಕೋಟಿ ವ್ಯಾಪಾರ ಎಂದರ್ಥ. ಇಲ್ಲಿ ಹಾಗಲ್ಲ. ಇದು ರೂಪಾಯಿ ಅಲ್ಲ, ಸುತ್ತು. ಒಂದು ರೂಪಾಯಿ ಆಸ್ತಿ ವರ್ಷಕ್ಕೆ ಎಷ್ಟು ರೂಪಾಯಿ ವ್ಯಾಪಾರ ಎಬ್ಬಿಸುತ್ತದೆ ಎನ್ನುವುದು. ಗೊಂದಲ ಬೇಡ ಅಂತ ನಾನು ಇವತ್ತು ‘ಸುತ್ತು’ ಎಂದೇ ಹೇಳುತ್ತೇನೆ.

ಲಿವರೇಜ್ ಅಂದರೆ ಸನ್ನೆಕೋಲು. ಸಣ್ಣ ಬಲದಿಂದ ದೊಡ್ಡ ಕಲ್ಲು ಎತ್ತುವ ಕೋಲು. 1 ಅಂದರೆ ಎಲ್ಲ ಸ್ವಂತದ್ದು. 2 ಅಂದರೆ ಅರ್ಧ ಸ್ವಂತ. 4 ಅಂದರೆ ನಾಲ್ಕಾಣೆ ಸ್ವಂತ, ಹನ್ನೆರಡಾಣೆ ಬೇರೆಯವರದ್ದು. ಬೇರೆಯವರದ್ದು ಅಂದ ಕೂಡಲೇ ಬ್ಯಾಂಕ್ ಸಾಲ ಎಂದೇ ತಿಳಿಯಬೇಡಿ. ಮಾಲು ಕೊಟ್ಟವರ ಬಾಕಿ, ಗಿರಾಕಿ ಕೊಟ್ಟ ಅಡ್ವಾನ್ಸ್, ಇವೂ ಅದರಲ್ಲಿ ಸೇರಿವೆ. ಅವಕ್ಕೆ ಸಾಮಾನ್ಯವಾಗಿ ಬಡ್ಡಿ ಇಲ್ಲ. ಹಾಗಾಗಿ ಲಿವರೇಜ್ 3 ಎಂದು ಕಂಡರೆ ಗಾಬರಿಯಾಗುವ ಮೊದಲು ಅದರಲ್ಲಿ ಬಡ್ಡಿಯ ಸಾಲ ಎಷ್ಟು ಅಂತ ನೋಡಿ.

ಈ ವಿಧಾನಕ್ಕೆ ಡುಪಾಂಟ್ ವಿಶ್ಲೇಷಣೆ ಎಂದು ಹೆಸರು. ಡುಪಾಂಟ್ ಅಮೆರಿಕದ ಕಂಪನಿ, ಮೊದಲು ಮದ್ದುಗುಂಡಿನ ಪುಡಿ ಮಾಡುತ್ತಿತ್ತು. ಅಲ್ಲಿ ಡೊನಾಲ್ಡ್‌ಸನ್ ಬ್ರೌನ್ ಎಂಬವರು 1910ರ ದಶಕದಲ್ಲಿ ಮಾರ್ಜಿನ್ ಮತ್ತು ಸುತ್ತು ಎರಡನ್ನೂ ಗುಣಿಸಿ ನೋಡುವ ಲೆಕ್ಕವನ್ನು ಬಳಕೆಗೆ ತಂದರು. ಮುಂದೆ ಅವರು ಜನರಲ್ ಮೋಟಾರ್ಸಿಗೆ ಹೋದಾಗ ಲೆಕ್ಕವೂ ಜೊತೆಗೆ ಹೋಯಿತು. ಮೂರನೆಯ ಭಾಗ, ಲಿವರೇಜ್, ಆಮೇಲೆ ಸೇರಿದ್ದು. ಅವರು ಕಾರ್ಖಾನೆಯ ಒಳಗೆ ಕೂತು ಲೆಕ್ಕ ಮಾಡಿದವರು. ನಾವು ಹೊರಗಿನವರು, ಶೇರು ಕೊಳ್ಳುವವರು. ನಮಗೆ ಆ ಮೂರನೆಯದೇ ಹೆಚ್ಚು ಮುಖ್ಯ. ಯಾಕೆ ಎಂದು ಈಗ ನೋಡೋಣ.

ಒಂದು ಗೇರುಬೀಜದ ಕಂಪನಿ ಎಂದು ಇಟ್ಟುಕೊಳ್ಳಿ. ಇದೂ ನಾನೇ ಕಟ್ಟಿದ್ದು. ಗೇರುಬೀಜ ಯಾಕೆ ಅಂದರೆ ಈ ಕಸುಬು ನಮ್ಮ ಜಿಲ್ಲೆಗಳವರಿಗೆ ಗೊತ್ತು. ಬೀಜ ಬರುವುದು ಫೆಬ್ರವರಿಯಿಂದ ಮೇವರೆಗೆ. ಕಾರ್ಖಾನೆ ಓಡಬೇಕಾದ್ದು ವರ್ಷಪೂರ್ತಿ. ಊರಿನ ಬೀಜ ಸಾಲುವುದಿಲ್ಲ, ಆಫ್ರಿಕಾದಿಂದ ಹಡಗಿನಲ್ಲಿ ತರಿಸಬೇಕು. ಸುಮಾರು ನಾಲ್ಕು ಕಿಲೋ ಬೀಜಕ್ಕೆ ಒಂದು ಕಿಲೋ ತಿರುಳು. ಹಾಗಾಗಿ ದುಡ್ಡು ಮೊದಲು ಗೋದಾಮಿಗೆ ಹೋಗಿ ಕೂರುತ್ತದೆ, ನಿಧಾನಕ್ಕೆ ಹೊರಗೆ ಬರುತ್ತದೆ.

ಮೊದಲ ವರ್ಷದ ಲೆಕ್ಕ. ಮಾರಾಟ 200 ಕೋಟಿ. ಬಡ್ಡಿ ಮತ್ತು ತೆರಿಗೆಗೆ ಮೊದಲು ಲಾಭ 19 ಕೋಟಿ. ಬ್ಯಾಂಕ್ ಸಾಲ 30 ಕೋಟಿ, 10 ಪರ್ಸೆಂಟಿನಂತೆ ಬಡ್ಡಿ 3 ಕೋಟಿ. ಉಳಿದ 16 ಕೋಟಿಯಲ್ಲಿ ಕಾಲು ಭಾಗ ತೆರಿಗೆಗೆ ಹೋಯಿತು. ನಿವ್ವಳ ಲಾಭ 12 ಕೋಟಿ. ಒಟ್ಟು ಆಸ್ತಿ 100 ಕೋಟಿ, ಅದರಲ್ಲಿ 60 ಕೋಟಿ ಈಕ್ವಿಟಿ, 30 ಕೋಟಿ ಸಾಲ, 10 ಕೋಟಿ ಮಾಲು ಕೊಟ್ಟವರ ಬಾಕಿ.

ಮಾರ್ಜಿನ್ 6 ಪರ್ಸೆಂಟ್. ಸುತ್ತು 2. ಲಿವರೇಜ್ 1.67. ಗುಣಿಸಿದರೆ ಆರ್‌ಒಇ 20.

ಎರಡು ವರ್ಷ ಬಿಟ್ಟು, ಮೂರನೆಯ ವರ್ಷದ ವಾರ್ಷಿಕ ವರದಿ ಬಂತು. ಮೊದಲ ಪುಟದಲ್ಲೇ ದೊಡ್ಡ ಅಕ್ಷರದಲ್ಲಿ ಹಾಕಿದ್ದಾರೆ: ಮಾರಾಟ 240 ಕೋಟಿಗೆ ಏರಿದೆ, ಆರ್‌ಒಇ 20ರಿಂದ 24ಕ್ಕೆ ಏರಿದೆ. ಎರಡೂ ನಿಜ. ಫಿಲ್ಟರ್ ಹಾಕಿದವರಿಗೆ ಇದು ಮೊದಲಿಗಿಂತ ಒಳ್ಳೆಯ ಕಂಪನಿ.

ಈಗ ಬಿಡಿಸಿ ನೋಡಿ. ನಿವ್ವಳ ಲಾಭ 9.6 ಕೋಟಿ. ಮಾರ್ಜಿನ್ 6ರಿಂದ 4ಕ್ಕೆ ಬಿದ್ದಿದೆ. ಆಸ್ತಿ 160 ಕೋಟಿ, ಸುತ್ತು 2ರಿಂದ ಒಂದೂವರೆಗೆ ಇಳಿದಿದೆ. ಈಕ್ವಿಟಿ 60 ಇದ್ದದ್ದು 40 ಕೋಟಿ ಆಗಿದೆ. ಹಾಗಾಗಿ ಲಿವರೇಜ್ 1.67ರಿಂದ 4ಕ್ಕೆ ಹಾರಿದೆ. 4 × 1.5 × 4, ಅಂದರೆ 24.

ಮೊದಲ ಎರಡನ್ನು ಮಾತ್ರ ಗುಣಿಸಿ ನೋಡಿ. ಅಂದರೆ ದುಡ್ಡು ಯಾರದ್ದಾದರೂ ಇರಲಿ, ಆಸ್ತಿಯ ಮೇಲೆ ಎಷ್ಟು ಲಾಭ ಬಂತು ಅಂತ. ಮೊದಲ ವರ್ಷ 6 × 2, 12 ಪರ್ಸೆಂಟ್. ಮೂರನೆಯ ವರ್ಷ 4 × 1.5, ಬರೇ 6. ಅರ್ಧಕ್ಕರ್ಧ ಬಿದ್ದಿದೆ! ಆರ್‌ಒಇ ಮಾತ್ರ ಮೇಲೆ ಹೋಗಿದೆ.

ಇಲ್ಲಿ ನಿಂತು ‘ಮಾರ್ಜಿನ್ ಬಿತ್ತು, ವ್ಯಾಪಾರ ಕೆಟ್ಟಿತು’ ಎಂದು ತೀರ್ಪು ಕೊಟ್ಟರೆ ತಪ್ಪಾಗುತ್ತದೆ. ನಾನು ಇದನ್ನು ಬಹಳ ತಡವಾಗಿ ಕಲಿತೆ. ಇನ್ನೊಂದು ಹೆಜ್ಜೆ ಒಳಗೆ ಹೋಗಿ. ಮೂರನೆಯ ವರ್ಷ ಬಡ್ಡಿ ಮತ್ತು ತೆರಿಗೆಗೆ ಮೊದಲಿನ ಲಾಭ 22.8 ಕೋಟಿ. 240 ಕೋಟಿ ಮಾರಾಟಕ್ಕೆ ಅದು ಒಂಬತ್ತೂವರೆ ಪರ್ಸೆಂಟ್. ಮೊದಲ ವರ್ಷ 200ಕ್ಕೆ 19, ಅದೂ ಒಂಬತ್ತೂವರೆ. ಅಂದರೆ ಬೀಜ ಬೇಯಿಸುವುದು, ಒಡೆಯುವುದು, ಸಿಪ್ಪೆ ಸುಲಿಯುವುದು, ಗ್ರೇಡ್ ಮಾಡುವುದು, ಮಾರುವುದು, ಇದರಲ್ಲಿ ಏನೂ ಕೆಟ್ಟಿಲ್ಲ. ಕಾರ್ಖಾನೆಯ ಒಳಗೆ ಎಲ್ಲ ಮೊದಲಿನ ಹಾಗೇ ಇದೆ.

ಹಾಗಾದರೆ ಮಾರ್ಜಿನ್ ತಿಂದದ್ದು ಯಾರು? ಬಡ್ಡಿ. ಸಾಲ 30 ಕೋಟಿಯಿಂದ 100 ಕೋಟಿಗೆ ಹೋಗಿದೆ. ಬಡ್ಡಿ 3 ಕೋಟಿಯಿಂದ 10 ಕೋಟಿಗೆ. 22.8ರಲ್ಲಿ 10 ಕಳೆದರೆ 12.8, ಕಾಲು ಭಾಗ ತೆರಿಗೆ ಹೋದರೆ 9.6. ನೋಡಿ, ಮೂರು ಭಾಗ ಎಂದು ನಾವು ಬೇರೆ ಬೇರೆ ಬರೆಯುತ್ತೇವೆ. ಆದರೆ ಅವು ಬೇರೆ ಬೇರೆ ಮನೆಯಲ್ಲಿ ಇರುವವಲ್ಲ. ಲಿವರೇಜ್ ಏರಿದರೆ ಅದರ ಬಡ್ಡಿ ಬಂದು ಮಾರ್ಜಿನ್ನಿನ ತಟ್ಟೆಯಿಂದ ಉಣ್ಣುತ್ತದೆ. ಅದಕ್ಕೇ ನಿವ್ವಳ ಮಾರ್ಜಿನ್ ಇಳಿದಾಗಲೆಲ್ಲ ಬಡ್ಡಿಗೆ ಮೊದಲಿನ ಮಾರ್ಜಿನ್ನನ್ನೂ ಪಕ್ಕದಲ್ಲಿ ಬರೆದುಕೊಳ್ಳಿ. ಎರಡೂ ಇಳಿದಿದ್ದರೆ ವ್ಯಾಪಾರದ ಸಮಸ್ಯೆ. ನಿವ್ವಳದ್ದು ಮಾತ್ರ ಇಳಿದಿದ್ದರೆ ಸಾಲವನ್ನು ಹುಡುಕಿ. ತೆರಿಗೆ ಹೆಚ್ಚಾದರೂ ಇಳಿಯುತ್ತದೆ, ಅದನ್ನೂ ಒಮ್ಮೆ ನೋಡಿಬಿಡಿ.

ಈಗ ಮುಂದಿನ ಪ್ರಶ್ನೆ. ಈ 70 ಕೋಟಿ ಹೊಸ ಸಾಲ ಎಲ್ಲಿಗೆ ಹೋಯಿತು? ಬ್ಯಾಲೆನ್ಸ್ ಶೀಟ್ ಎರಡನ್ನು ಪಕ್ಕ ಪಕ್ಕ ಇಟ್ಟರೆ ಗೊತ್ತಾಗುತ್ತದೆ. ಗೋದಾಮಿನ ಸ್ಟಾಕ್ 50 ಕೋಟಿ ಇದ್ದದ್ದು 100 ಕೋಟಿ ಆಗಿದೆ. ಗಿರಾಕಿಗಳಿಂದ ಬರಬೇಕಾದ ಬಾಕಿ 10 ಕೋಟಿ ಜಾಸ್ತಿಯಾಗಿದೆ. ಅಲ್ಲಿಗೆ ಆಸ್ತಿ 60 ಕೋಟಿ ಏರಿತು. ಮಾಲು ಕೊಟ್ಟವರು 10 ಕೋಟಿ ಹೆಚ್ಚು ಕಡ ಕೊಟ್ಟಿದ್ದಾರೆ, ಹಾಗಾಗಿ ಸಾಲದಿಂದ ತುಂಬಬೇಕಾದ್ದು 50. ಇನ್ನುಳಿದ 20 ಕೋಟಿ?

ಅದು ಶೇರುದಾರರಿಗೇ ಹೋಗಿದೆ. ಆ ಎರಡು ವರ್ಷದಲ್ಲಿ ಕಂಪನಿ ಗಳಿಸಿದ್ದು ಒಟ್ಟು 20 ಕೋಟಿ. ಡಿವಿಡೆಂಡ್ ಎಂದು ಹಂಚಿದ್ದು 40 ಕೋಟಿ. ಕಂಪನಿಗೆ ಇಷ್ಟು ವರ್ಷ ತುಂಬಿತು ಎಂದು ಒಂದು ವಿಶೇಷ ಡಿವಿಡೆಂಡ್, ಎಲ್ಲರಿಗೂ ಖುಷಿ. ಗೋದಾಮು ತುಂಬಿಸಲು ಸಾಲ ಮಾಡುತ್ತಾ, ಇನ್ನೊಂದು ಕೈಯಿಂದ ದುಡ್ಡು ಹಂಚಿದರು. ಈಕ್ವಿಟಿ 60ರಿಂದ 40ಕ್ಕೆ ಇಳಿದದ್ದು ಹೀಗೆ. ಕೆಳಗಿನ ಸಂಖ್ಯೆ ಸಣ್ಣದಾದರೆ ಭಾಗಲಬ್ಧ ದೊಡ್ಡದಾಗುತ್ತದೆ. ಶೇರುಗಳನ್ನು ಕಂಪನಿಯೇ ವಾಪಸು ಕೊಂಡರೂ, ಅಂದರೆ ಬೈಬ್ಯಾಕ್ ಮಾಡಿದರೂ, ಇದೇ ಆಗುತ್ತದೆ. ಡಿವಿಡೆಂಡ್ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಕೈಯಲ್ಲಿ ನಗದು ಕೊಳೆಯುತ್ತಿರುವ ಕಂಪನಿ ಹಂಚಿದರೆ ಸರಿಯೇ. ಸಾಲ ಏರುತ್ತಿರುವ ವರ್ಷವೇ ಹಂಚಿದರೆ ಆ ವರ್ಷದ ಆರ್‌ಒಇ ಏರಿಕೆಯನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಇಲ್ಲಿ ಮಲ್ಪೆಯ ಒಬ್ಬ ಬೋಟಿನ ಯಜಮಾನರು ನಡುವೆ ಕೇಳಿದರು. ‘ಅಲ್ಲ ಮಾರಾಯ್ರೆ, ನನ್ನ ಹತ್ತಿರ ಬೋಟಿಗೆ ಸಾಲ ಉಂಟು. ಸಾಲ ಇಲ್ಲದೆ ಬೋಟೇ ಇಲ್ಲ. ಅದು ಹೇಗೆ ತಪ್ಪು?’

ತಪ್ಪಲ್ಲ. ಒಂದೇ ಒಂದು ಅಳತೆ ಸಾಕು. ಆಸ್ತಿಯ ಮೇಲೆ ಬಡ್ಡಿ-ತೆರಿಗೆಗೆ ಮೊದಲು ಬರುವ ಗಳಿಕೆ ಬಡ್ಡಿ ದರಕ್ಕಿಂತ ಎಷ್ಟು ಮೇಲಿದೆ? ಮೀನು ಚೆನ್ನಾಗಿ ಸಿಕ್ಕಿದ ವರ್ಷ ಬೋಟಿನ ಗಳಿಕೆ ಬಡ್ಡಿಗಿಂತ ಮೇಲಿರುತ್ತದೆ. ಸಾಲದ ದುಡ್ಡು ಬಡ್ಡಿ ಕಟ್ಟಿ, ಮೇಲಿನದನ್ನು ನಿಮಗೆ ಬಿಡುತ್ತದೆ. ಮೀನು ಸಿಗದ ವರ್ಷ ಬಡ್ಡಿ ನಿಮ್ಮ ಜೇಬಿನಿಂದ ಹೋಗುತ್ತದೆ. ನಿಮಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ.

ನಮ್ಮ ಗೇರುಬೀಜ ಕಂಪನಿಗೆ ಇದೇ ಅಳತೆ ಹಿಡಿಯೋಣ. ಮೊದಲ ವರ್ಷ 100 ಕೋಟಿ ಆಸ್ತಿಗೆ 19 ಕೋಟಿ, ಅಂದರೆ 19 ಪರ್ಸೆಂಟ್. ಬಡ್ಡಿ 10. ನಡುವೆ 9ರ ಅಂತರ. ಮೂರನೆಯ ವರ್ಷ 160ಕ್ಕೆ 22.8, ಅಂದರೆ 14 ಚಿಲ್ಲರೆ. ಅಂತರ 4ಕ್ಕೆ ಬಂತು. ಸಾಲ ಮೂರು ಪಟ್ಟಿಗಿಂತ ಜಾಸ್ತಿಯಾದ ಹೊತ್ತಿಗೇ ಅಂತರ ಅರ್ಧಕ್ಕಿಂತ ಕಮ್ಮಿ ಆಗಿದೆ.

ಈಗ ಗೇರುಬೀಜದ ಧಾರಣೆ 10 ಪರ್ಸೆಂಟ್ ಇಳಿಯಿತು ಎಂದುಕೊಳ್ಳಿ. ಇಂಥ ಸರಕಿನಲ್ಲಿ 10 ಪರ್ಸೆಂಟ್ ದೊಡ್ಡ ಇಳಿತವೇನಲ್ಲ. ಲೆಕ್ಕಪತ್ರದ ನಿಯಮದಂತೆ ಸ್ಟಾಕನ್ನು ಕೊಂಡ ಬೆಲೆ ಅಥವಾ ಮಾರಿದರೆ ಸಿಗುವ ಬೆಲೆ, ಇವೆರಡರಲ್ಲಿ ಕಮ್ಮಿ ಇರುವುದಕ್ಕೆ ತೋರಿಸಬೇಕು. ಹಾಗಾಗಿ ನಷ್ಟವನ್ನು ಮುಂದೂಡಲು ಆಗುವುದಿಲ್ಲ. ಗೋದಾಮಿನ 100 ಕೋಟಿಯಲ್ಲಿ 10 ಕೋಟಿ ಹೋಯಿತು ಎಂದು ಸರಳವಾಗಿ ಹಿಡಿಯೋಣ. 22.8ರಲ್ಲಿ 10 ಕಳೆದರೆ 12.8. ಬಡ್ಡಿ 10 ಕೋಟಿ ಹಾಗೇ ಇದೆ, ಧಾರಣೆ ಇಳಿಯಿತು ಎಂದು ಬ್ಯಾಂಕ್ ಬಡ್ಡಿ ಇಳಿಸುವುದಿಲ್ಲ. ಉಳಿದದ್ದು 2.8, ತೆರಿಗೆ ಕಳೆದು 2.1 ಕೋಟಿ. 40 ಕೋಟಿ ಈಕ್ವಿಟಿಗೆ ಐದು ಕಾಲು ಪರ್ಸೆಂಟ್. 24 ಇದ್ದದ್ದು 5 ಆಯಿತು.

ಇದೇ ಇಳಿತ ಮೊದಲ ವರ್ಷ ಬಂದಿದ್ದರೆ? ಆಗ ಗೋದಾಮಿನಲ್ಲಿ ಇದ್ದದ್ದು 50 ಕೋಟಿ. ನಷ್ಟ 5. 19ರಲ್ಲಿ 5 ಹೋಗಿ 14, ಬಡ್ಡಿ 3 ಹೋಗಿ 11, ತೆರಿಗೆ ಹೋಗಿ 8.25 ಕೋಟಿ. 60 ಕೋಟಿಗೆ 13.75 ಪರ್ಸೆಂಟ್. ಪೆಟ್ಟು ಬಿತ್ತು, ಆದರೆ ಕಂಪನಿ ನಿಂತಿದೆ. ಧಾರಣೆ 20 ಪರ್ಸೆಂಟ್ ಇಳಿದರೆ ಮೂರನೆಯ ವರ್ಷದ ಕಂಪನಿ ನೇರ ನಷ್ಟಕ್ಕೆ ಹೋಗುತ್ತದೆ. ಮೊದಲ ವರ್ಷದ ಕಂಪನಿ ಆಗಲೂ ನಾಲ್ಕೂವರೆ ಕೋಟಿ ಲಾಭ ತೋರಿಸುತ್ತದೆ. ಮನೆಗೆ ಹೋಗಿ ಲೆಕ್ಕ ಹಾಕಿ ನೋಡಿ.

ಅಂದರೆ ಈ ಕಥೆಯ ಕಳ್ಳ ಮಾರ್ಜಿನ್ ಅಲ್ಲ, ಸುತ್ತು. ಸುತ್ತು ನಿಧಾನ ಆಯಿತು, ಅದಕ್ಕೆ ಸಾಲ ಬೇಕಾಯಿತು, ಸಾಲದ ಬಡ್ಡಿ ಮಾರ್ಜಿನ್ ತಿಂದಿತು, ಇದನ್ನೆಲ್ಲ ಡಿವಿಡೆಂಡ್ ಮತ್ತು ಲಿವರೇಜ್ ಮುಚ್ಚಿಟ್ಟಿತು. ನನ್ನ ಅನುಭವದಲ್ಲಿ ಹೊಸಬರು ಮಾರ್ಜಿನ್ ನೋಡುತ್ತಾರೆ, ಸ್ವಲ್ಪ ಪಳಗಿದವರು ಸಾಲ ನೋಡುತ್ತಾರೆ. ಸುತ್ತನ್ನು ನೋಡುವವರು ಕಮ್ಮಿ. ಆದರೆ ಮೊದಲು ಸದ್ದು ಮಾಡುವುದು ಅದೇ.

ಸುತ್ತು ಯಾಕೆ ಇಳಿಯಿತು ಎಂದು ತಿಳಿಯುವುದು ಹೇಗೆ? ಸ್ಟಾಕನ್ನು ದಿನದ ಲೆಕ್ಕಕ್ಕೆ ತನ್ನಿ. 50 ಕೋಟಿಯನ್ನು 200 ಕೋಟಿಯಿಂದ ಭಾಗಿಸಿ 365ರಿಂದ ಗುಣಿಸಿದರೆ ಸುಮಾರು 91 ದಿನ. 100 ಕೋಟಿಯನ್ನು 240ರಿಂದ ಭಾಗಿಸಿದರೆ 152 ದಿನ. ಮೂರು ತಿಂಗಳಿನ ಮಾಲು ಈಗ ಐದು ತಿಂಗಳು ಕೂರುತ್ತಿದೆ. ಆಮೇಲೆ ವಾರ್ಷಿಕ ವರದಿಯ ಹಿಂಭಾಗಕ್ಕೆ ಹೋಗಿ. ಅಲ್ಲಿ ಸಣ್ಣ ಅಕ್ಷರದ ಟಿಪ್ಪಣಿಗಳು ಇರುತ್ತವೆ. ದಾಸ್ತಾನಿನ ಟಿಪ್ಪಣಿಯಲ್ಲಿ ಕಚ್ಚಾ ಮಾಲು ಎಷ್ಟು, ತಯಾರಾದ ಮಾಲು ಎಷ್ಟು ಎಂದು ಬೇರೆ ಬೇರೆ ಕೊಟ್ಟಿರುತ್ತಾರೆ. ಏರಿದ್ದು ಕಚ್ಚಾ ಬೀಜವಾದರೆ ಮಾಲೀಕರು ಧಾರಣೆ ಏರಬಹುದು ಎಂದು ಮೊದಲೇ ಕೊಂಡಿಟ್ಟಿರಬಹುದು. ಅದೂ ಒಂದು ಜೂಜೇ, ಆದರೆ ಅರ್ಥವಾಗುವ ಜೂಜು. ಏರಿದ್ದು ತಯಾರಾದ ತಿರುಳಾದರೆ ಮಾಲು ಹೋಗುತ್ತಿಲ್ಲ ಎಂದರ್ಥ. ನಾನು ಅಂಥಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಒಂದು ತೊಡಕು ಹೇಳಬೇಕು. ನಮ್ಮ ಕಂಪನಿಗಳ ಬ್ಯಾಲೆನ್ಸ್ ಶೀಟ್ ಹೆಚ್ಚಾಗಿ ಮಾರ್ಚ್ 31ರದ್ದು. ಗೇರುಬೀಜಕ್ಕೆ ಅದು ಹಂಗಾಮಿನ ನಡು. ಗೋದಾಮು ತುಂಬುತ್ತಿರುವ ದಿನದ ಫೋಟೋ ಅದು. ಬೀಜ ಒಂದು ತಿಂಗಳು ತಡವಾಗಿ ಬಂದರೆ ಫೋಟೋ ಬೇರೆಯೇ ಆಗುತ್ತದೆ. ಶೇರುಪೇಟೆಯಲ್ಲಿರುವ ಕಂಪನಿಗಳು ಸೆಪ್ಟೆಂಬರ್ 30ರ ಆಸ್ತಿ-ಹೊಣೆಯ ಪಟ್ಟಿಯನ್ನೂ ಪ್ರಕಟಿಸಬೇಕು. ಅದನ್ನು ಹುಡುಕಿ. ಸೆಪ್ಟೆಂಬರಿನಲ್ಲೂ ಗೋದಾಮು ಅಷ್ಟೇ ತುಂಬಿದ್ದರೆ ನೆಪ ಮುಗಿಯಿತು. ಇನ್ನು ಲೆಕ್ಕ ಹಾಕುವಾಗ ವರ್ಷದ ಮೊದಲ ದಿನದ ಮತ್ತು ಕೊನೆಯ ದಿನದ ಆಸ್ತಿಯ ಸರಾಸರಿ ತೆಗೆದುಕೊಳ್ಳುವುದು ಒಳ್ಳೆಯದು, ಈಕ್ವಿಟಿಗೂ ಹಾಗೆಯೇ. ನಾನು ಇವತ್ತು ಕೊನೆಯ ದಿನದ್ದನ್ನು ಮಾತ್ರ ಹಿಡಿದದ್ದು ಬೋರ್ಡಿನಲ್ಲಿ ಜಾಗ ಉಳಿಸಲಿಕ್ಕೆ, ಬಡ್ಡಿಯನ್ನೂ ಹಾಗೇ ಲೆಕ್ಕ ಹಾಕಿದೆ.

ಮಾರ್ಜಿನ್ ಬಗ್ಗೆ ಒಂದೇ ಮಾತು. ನಿವ್ವಳ ಲಾಭದೊಳಗೆ ವ್ಯಾಪಾರದ್ದಲ್ಲದ ದುಡ್ಡು ಸೇರಿಕೊಂಡಿರುತ್ತದೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿತು, ಆಮೇಲೆ ನದಿ ದಂಡೆಯುದ್ದಕ್ಕೂ ಎಷ್ಟೋ ಕಾರ್ಖಾನೆಗಳು ಬಂದವು. ಮುಂದೆ ಕಾಂಕ್ರೀಟ್ ಬಂತು, ಹಂಚಿಗಿಂತ ಕಾರ್ಖಾನೆ ನಿಂತ ಜಾಗಕ್ಕೇ ಬೆಲೆ ಜಾಸ್ತಿ ಆಯಿತು. ಅಂಥ ಜಾಗ ಮಾರಿದ ವರ್ಷ ಯಾವ ಕಂಪನಿಯ ಮಾರ್ಜಿನ್ನೂ ಚಿನ್ನದ ಹಾಗೆ ಹೊಳೆಯುತ್ತದೆ. ಜಾಗ ಇನ್ನೊಮ್ಮೆ ಮಾರಲು ಬರುವುದಿಲ್ಲವಲ್ಲ. ‘ಇತರ ಆದಾಯ’ ಮತ್ತು ‘ಅಸಾಧಾರಣ ಬಾಬ್ತು’ ಎನ್ನುವ ಎರಡು ಸಾಲುಗಳನ್ನು ಕಳೆದು ಮಾರ್ಜಿನ್ ಹಾಕಿ ನೋಡಿ.

ಒಬ್ಬ ಹುಡುಗಿ ಕೇಳಿದಳು, ಕಾಲೇಜಿನಲ್ಲಿ ಬಿ.ಕಾಂ. ಓದುತ್ತಿದ್ದಾಳಂತೆ. ‘ಸರ್, ಬ್ಯಾಂಕ್ ಶೇರಿಗೆ ಈ ಮೂರು ಭಾಗ ಹಾಕಿ ನೋಡಿದೆ. ಲಿವರೇಜ್ 13 ಬಂತು. ಹಾಗಾದರೆ ಬ್ಯಾಂಕ್ ಶೇರು ತಗೊಳ್ಳಲೇಬಾರದಾ?’

ಉಡುಪಿಯಲ್ಲಿ ಕೂತು ಈ ಪ್ರಶ್ನೆ ಕೇಳದಿದ್ದರೆ ಹೇಗೆ! ಬ್ಯಾಂಕುಗಳನ್ನು ಹೆತ್ತ ಊರುಗಳು ಇವು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್, 1924ರಲ್ಲಿ ಮಂಗಳೂರಿನಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್, 1931ರಲ್ಲಿ ಮಂಗಳೂರಿನಲ್ಲಿ ವಿಜಯಾ. ನಿಮ್ಮ ಅಜ್ಜಿ ಪಿಗ್ಮಿ ಕಟ್ಟಿದವರೇ ಇರಬೇಕು. ಮನೆ ಬಾಗಿಲಿಗೆ ಬರುವ ಏಜೆಂಟರ ಕೈಗೆ ದಿನಾ ಚಿಲ್ಲರೆ ಕೊಟ್ಟರಲ್ಲ, ಆ ಚಿಲ್ಲರೆಯೇ ಬ್ಯಾಂಕಿನ ಲಿವರೇಜ್. ಬ್ಯಾಂಕಿಗೆ ಠೇವಣಿ ಅಂದರೆ ಸಾಲ. ಅದೇ ಅದರ ಕಚ್ಚಾ ಮಾಲು ಕೂಡ. ಬೇರೆಯವರ ದುಡ್ಡು ಹತ್ತು, ಹನ್ನೆರಡು ಪಟ್ಟು ಇರುವುದು ಆ ಕಸುಬಿನ ಸ್ವಭಾವ. ಅದಕ್ಕೇ ಅದರ ಮೇಲೆ ರಿಸರ್ವ್ ಬ್ಯಾಂಕಿನ ಕಣ್ಣು.

ಹಾಗಾಗಿ ಬ್ಯಾಂಕಿಗೆ ಮಾರ್ಜಿನ್, ಸುತ್ತು ಎಂದು ಬಿಡಿಸಿ ಪ್ರಯೋಜನ ಇಲ್ಲ. ಎರಡೇ ಭಾಗ ಮಾಡಿ. ಆಸ್ತಿಯ ಮೇಲಿನ ಲಾಭ, ಮತ್ತು ಲಿವರೇಜ್. ಬ್ಯಾಂಕಿನ ಆಸ್ತಿ ಅಂದರೆ ಹೆಚ್ಚಾಗಿ ಅದು ಕೊಟ್ಟ ಸಾಲಗಳು. ಆಸ್ತಿಯ ಮೇಲೆ 1 ಪರ್ಸೆಂಟ್ ಲಾಭ ಬಂದರೆ ನಮ್ಮ ಬ್ಯಾಂಕುಗಳಲ್ಲಿ ಅದನ್ನು ಚೆನ್ನಾಗಿದೆ ಎನ್ನುತ್ತಾರೆ. 1 × 13, ಆರ್‌ಒಇ 13. ಇಬ್ಬರು ಬ್ಯಾಂಕಿನವರು 15 ತೋರಿಸಿದರು ಎನ್ನಿ. ಒಬ್ಬರದ್ದು 1.25 × 12, ಇನ್ನೊಬ್ಬರದ್ದು 0.75 × 20. ಎರಡನೆಯವರ ಹತ್ತಿರ 100 ರೂಪಾಯಿ ಆಸ್ತಿಗೆ ಸ್ವಂತದ್ದು 5 ರೂಪಾಯಿ. ಕೊಟ್ಟ ಸಾಲದಲ್ಲಿ 100ಕ್ಕೆ 5 ಮುಳುಗಿದರೆ ಮಾಲೀಕರ ದುಡ್ಡು ಅಲ್ಲಿಗೆ ಮುಗಿಯಿತು. ಮೊದಲನೆಯವರಿಗೆ 8 ರೂಪಾಯಿ ಚಿಲ್ಲರೆ ಇದೆ. ಅದಕ್ಕೇ ಗೇರುಬೀಜದ 4ನ್ನೂ ಬ್ಯಾಂಕಿನ 13ನ್ನೂ ಹೋಲಿಸಬೇಡಿ. ಬ್ಯಾಂಕನ್ನು ಬ್ಯಾಂಕಿನ ಜೊತೆ, ಕಾರ್ಖಾನೆಯನ್ನು ಅದೇ ಕಸುಬಿನ ಕಾರ್ಖಾನೆಯ ಜೊತೆ. ಅದಕ್ಕಿಂತಲೂ ಒಳ್ಳೆಯದು, ಅದೇ ಕಂಪನಿಯ ಐದು ವರ್ಷಗಳನ್ನು ಸಾಲಾಗಿ ಇಟ್ಟು ನೋಡುವುದು.

ಮಾತು ಮುಗಿದ ಮೇಲೆ ಚಹಾ ಕುಡಿಯುವಾಗ ಒಬ್ಬರು ಹತ್ತಿರ ಬಂದರು. ಫೋನ್ ತೋರಿಸಿದರು. ಒಂದು ಸಣ್ಣ ಕಂಪನಿ, ಆರ್‌ಒಇ 40. ‘ಇದು ಹೇಗೆ?’ ಎಂದರು. ಅವರ ಮುಖದಲ್ಲಿ ಆಗಲೇ ಕೊಳ್ಳುವ ನಿರ್ಧಾರ ಕಾಣುತ್ತಿತ್ತು. ಇಬ್ಬರೂ ಸೇರಿ ಪೇಪರ್ ಕಪ್ಪಿನ ಮೇಲೆಯೇ ಲೆಕ್ಕ ಹಾಕಿದೆವು. ಲಾಭ 2 ಕೋಟಿ, ಮಾರಾಟ 60 ಕೋಟಿ. ಮಾರ್ಜಿನ್ 3 ಪರ್ಸೆಂಟ್ ಚಿಲ್ಲರೆ. ಆಸ್ತಿಯೂ 60 ಕೋಟಿ, ಸುತ್ತು 1. ಅಲ್ಲಿಗೆ ಆಸ್ತಿಯ ಮೇಲೆ 3 ಪರ್ಸೆಂಟ್. ಅದು ಬ್ಯಾಂಕಿನ ಠೇವಣಿಗಿಂತ ಕಮ್ಮಿ. ಹಾಗಾದರೆ 40 ಎಲ್ಲಿಂದ? ಈಕ್ವಿಟಿ 5 ಕೋಟಿ. ಲಿವರೇಜ್ 12. ಬ್ಯಾಂಕಿಗೆ ಇರಬೇಕಾದ ಸಂಖ್ಯೆ ಒಂದು ಕಾರ್ಖಾನೆಗೆ ಇತ್ತು.

ಈಕ್ವಿಟಿ ಇಷ್ಟು ಸಣ್ಣದಾದದ್ದು ಯಾಕೆ ಎಂದು ಕೆಳಗೆ ಹೋದೆವು. ಡಿವಿಡೆಂಡ್ ಕೊಟ್ಟೇ ಇಲ್ಲ, ಬೈಬ್ಯಾಕ್ ಇಲ್ಲ. ಹಿಂದೆ ನಾಲ್ಕು ವರ್ಷ ಸತತ ನಷ್ಟ. ಹಳೆಯ ನಷ್ಟ ಕೂಡಿಟ್ಟ ಲಾಭವನ್ನೆಲ್ಲ ತಿಂದು, ಬಂಡವಾಳಕ್ಕೂ ಕೈ ಹಾಕಿತ್ತು. ಉಳಿದ 5 ಕೋಟಿಯ ಮೇಲೆ ಈ ವರ್ಷದ 2 ಕೋಟಿ ಕಂಡದ್ದು 40 ಪರ್ಸೆಂಟಾಗಿ. ಇನ್ನೊಂದು ವರ್ಷ ನಷ್ಟ ಆಗಿದ್ದರೆ ಈಕ್ವಿಟಿ ಸೊನ್ನೆಯ ಕೆಳಗೆ ಹೋಗಿ ಆರ್‌ಒಇಗೆ ಅರ್ಥವೇ ಇರುತ್ತಿರಲಿಲ್ಲ.

ಅವರು ಕಪ್ಪನ್ನು ಎಸೆಯಲಿಲ್ಲ. ಚಹಾ ಮುಗಿಸಿ, ಕಪ್ ಚಪ್ಪಟೆ ಮಾಡಿ, ಅಂಗಿಯ ಜೇಬಿಗೆ ಹಾಕಿಕೊಂಡು ಮಳೆಗೆ ಇಳಿದರು.